ಮುನಿಸಿನ ಮೌನ

ಜಗಳವಾದ ಮೇಲೆ ಮಾತು ಬಿಡುವವರೆಲ್ಲ ಹಟಮಾರಿಗಳಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ದಂಪತಿಗಳ ವಾಗ್ವಾದದ ಜೊತೆಗೆ ಅವರ ಎದೆಬಡಿತವನ್ನೂ ಅಳೆದು ನೋಡಿದವರು. ಬಡಿತ ನಿಮಿಷಕ್ಕೆ 100ನ್ನು ಮೀರಿದಾಗ ಎದುರಿನವರ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದು; ಶರೀರ ತಣಿಯಲು ಕನಿಷ್ಠ 20 ನಿಮಿಷವಾದರೂ ಬೇಕು ಎಂಬುದು ಅವರ ಮತ. ಆ ಹೊತ್ತಿನಲ್ಲಿಯೂ ಜಗಳವನ್ನೇ ಮೆಲುಕು ಹಾಕುತ್ತಿದ್ದರೆ ತಣಿಯುವುದಿಲ್ಲ.

ಮಾಗಡಿ ಸೀಮೆಯ ಕೆಂಪಾಪುರದಲ್ಲಿ ಒಂದು ರೇಷ್ಮೆ ಬೆಳೆಗಾರರ ಮನೆಯನ್ನು ಊಹಿಸಿಕೊಳ್ಳಿ. ಗೂಡು ಮಾರಿದ ಹಣದ ವಿಷಯವಾಗಿ ಗಂಡಹೆಂಡಿರಲ್ಲಿ ಮಾತು ಬೆಳೆಯಿತು. "ಈಗ ಬೇಡ ಕಣೇ, ದನಕ್ಕೆ ಹುಲ್ಲು ಹಾಕಿ ಬರ್ತೀನಿ, ಉಂಡಮೇಲೆ ಲೆಕ್ಕ ನೋಡೋಣ" ಎಂದು ಆತ ಎದ್ದನೆನ್ನಿ. ಉಂಡಮೇಲೆ, ಆಕೆ ಕೇಳುವ ಮೊದಲೇ, ತಾನಾಗಿ ಲೆಕ್ಕಕ್ಕೆ ಕುಳಿತರೆ ಅದು ನಿಜವಾದ ಬಿಡುವು. ಅದರ ಬದಲು ಮೂರು ದಿನ ನೆಂಟರೊಡನೆ ನಗುತ್ತ, ಹೆಂಡತಿಗೆ ಮಾತ್ರ ಮಗುವಿನ ಮೂಲಕ "ನಿಮ್ಮವ್ವನಿಗೆ ಹೇಳು" ಎನ್ನುತ್ತ, ಆಕೆ ಸೋತು ತಪ್ಪೊಪ್ಪಿಕೊಂಡ ಮೇಲೆ ಮಾತನಾಡಿದನೆಂದರೆ ಅದು ದಂಡನೆ. ಹಣದ ಪ್ರಶ್ನೆ ಮತ್ತೆ ಏಳುವುದೇ ಇಲ್ಲವೆಂಬುದನ್ನು ಗಮನಿಸಿ. ಮೌನದ ಉದ್ದಕ್ಕಿಂತ ಈ ಗುರುತೇ ಖಚಿತವಾದದ್ದು.

ಹೊಡೆತಕ್ಕೆ ಹೆದರಿ ಬಾಯಿ ಮುಚ್ಚಿಕೊಂಡ ಹೆಣ್ಣಿನ ಮೌನಕ್ಕೆ ಈ ಅಳತೆ ಸಲ್ಲದು. ಅದು ಆಕೆಯ ಆತ್ಮರಕ್ಷಣೆ.