ಕೊನೆಯ ಪದ ಮಕ್ಕಳೇ ಹೇಳಲಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಎಂಟು ವರ್ಷದ ಹುಡುಗಿಯ ಹುಟ್ಟುಹಬ್ಬ. ಹನ್ನೆರಡು ಮಕ್ಕಳು, ಎರಡು ತಂಡ, ಆರು ಜಾಗಗಳಲ್ಲಿ ನಿಧಿ ಹುಡುಕಾಟ. ಬಂದವರಲ್ಲಿ ಅರ್ಧದಷ್ಟು ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ತಡವರಿಸುತ್ತದೆ. ಹಾಗಾಗಿ ಸುಳಿವನ್ನು ಕಿವಿಗಾಗಿಯೇ ಬರೆಯಬೇಕು. ಪ್ರತಿ ತಂಡದ ಜೊತೆ ಒಬ್ಬರು ದೊಡ್ಡವರಿದ್ದು ಅದನ್ನು ಎರಡು ಸಲ ಗಟ್ಟಿಯಾಗಿ ಓದಬೇಕು.

ಹಳೆಗನ್ನಡ ಕಾವ್ಯದ ಆದಿಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿರುತ್ತದೆ. ಓಡಿಬಂದು ಏದುಸಿರು ಬಿಡುವ ಮಗುವಿನ ಕಿವಿಗೆ ಅದು ಬೀಳುವುದಿಲ್ಲ. ಇಲ್ಲಿ ಬೇಕಾದದ್ದು ಅಂತ್ಯಪ್ರಾಸ. ಉತ್ತರವನ್ನೇ ಪ್ರಾಸದ ಜಾಗದಲ್ಲಿಟ್ಟು ಬಿಟ್ಟುಬಿಟ್ಟರಂತೂ ಆಟಕ್ಕೆ ಕಳೆ ಬರುತ್ತದೆ:

ಮೆಟ್ಟಿಲು ಹತ್ತಿ ಹೋದವರೆಲ್ಲ ಕೂತೇ ಇಳಿದದ್ದು ಕಂಡೆ,
ಚಡ್ಡಿಯ ಹಿಂದೆ ಮಣ್ಣನು ಮೆತ್ತುವ ಆಟದ ಜಾರು...

ಓದುವವರು ಅಲ್ಲಿಗೇ ನಿಲ್ಲಿಸಬೇಕು. "ಬಂಡೆ!" ಎಂದು ಕೂಗುತ್ತಲೇ ತಂಡ ಆಟದ ಅಂಗಳಕ್ಕೆ ಓಡುತ್ತದೆ. ಮೊದಲ ಸುಳಿವು ಇಷ್ಟು ಸುಲಭವಿದ್ದರೆ ಆಟದ ರೀತಿ ಎಲ್ಲರಿಗೂ ತಿಳಿಯುತ್ತದೆ. ಮುಂದಿನವನ್ನು ಒಗಟಿನ ಕಡೆಗೆ ವಾಲಿಸಬಹುದು:

ಸಾಲು ಸಾಲು ಪುಟ್ಟ ಬಾಗಿಲು, ಮನೆಯೇನೂ ಅಲ್ಲ,
ಬಾಯಿ ತುಂಬ ಕಾಗದ ತಿಂದರೂ ಹೊಟ್ಟೆ ತುಂಬಲಿಲ್ಲ.

ಇದು ಕೆಳಮಹಡಿಯ ಅಂಚೆ ಪೆಟ್ಟಿಗೆಗಳ ಸಾಲು.

ಸುಳಿವು ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಅದು ಎರಡು ಜಾಗಗಳಿಗೆ ಹೊಂದಿಬಿಡುತ್ತದೆ. "ನೀರು ಕೊಡುವೆ" ಎಂದರೆ ಕೈತೋಟದ ನಲ್ಲಿಯೂ ಹೌದು, ತಾರಸಿಯ ಟ್ಯಾಂಕೂ ಹೌದು. ಮಕ್ಕಳು ತಾರಸಿ ಹತ್ತಿದರೆ ಅಪಾಯ. ಹಿಂದಿನ ದಿನ, ಆಟಕ್ಕೆ ಬಾರದ ಒಂದು ಮಗುವಿಗೆ ಪದ್ಯ ಓದಿ ನೋಡಬೇಕು. ಅದು ಎರಡು ಉತ್ತರ ಕೊಟ್ಟರೆ ಸಾಲು ಬದಲಾಗಲೇಬೇಕು.

ಎರಡು ತಂಡಗಳೂ ಒಂದೇ ಕಡೆ ಹೊರಟರೆ ಹಿಂದಿನವರು ಮುಂದಿನವರ ಬೆನ್ನು ಹತ್ತುತ್ತಾರೆಯೇ ಹೊರತು ಪದ್ಯ ಕೇಳುವುದಿಲ್ಲ. ಆರು ಜಾಗಗಳನ್ನು ಬಳೆಯಂತೆ ಸುತ್ತ ಜೋಡಿಸಿದರೆ ಇದು ತಪ್ಪುತ್ತದೆ. ಕೆಂಪು ತಂಡ ಒಂದನೇ ಜಾಗದಿಂದ, ನೀಲಿ ತಂಡ ನಾಲ್ಕನೆಯದರಿಂದ ಶುರು ಮಾಡಿ ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಪದ್ಯಗಳು ಅವೇ, ಚೀಟಿಯ ಬಣ್ಣ ಮಾತ್ರ ಬೇರೆ. ಕೆಂಪಿನವರಿಗೆ ಆರನೇ ಜಾಗದಲ್ಲಿ, ನೀಲಿಯವರಿಗೆ ಮೂರನೆಯದರಲ್ಲಿ ನಿಧಿಯ ಸುಳಿವು ಸಿಗುತ್ತದೆ.

ಚೀಟಿ ಇಡುವಾಗಲೇ ಎಡವಟ್ಟಾಗುವುದು. ಅಂಚೆ ಪೆಟ್ಟಿಗೆಯ ಪದ್ಯ ಅಂಚೆ ಪೆಟ್ಟಿಗೆಯಲ್ಲಿ ಅಲ್ಲ, ಅದರ ಹಿಂದಿನ ಜಾಗದಲ್ಲಿರಬೇಕು. ಚೀಟಿಯ ಹಿಂಬದಿಯಲ್ಲಿ ಅಡಗಿಸುವ ಜಾಗವನ್ನು ಸಣ್ಣ ಅಂಕಿಯಲ್ಲಿ ಗುರುತಿಸಿಕೊಂಡರೆ ಗೊಂದಲವಿಲ್ಲ. ಕಸ ಗುಡಿಸುವವರಿಗೂ ಸೆಕ್ಯುರಿಟಿಯವರಿಗೂ ಮೊದಲೇ ತಿಳಿಸದಿದ್ದರೆ ಚೀಟಿ ಕಸದ ಬುಟ್ಟಿ ಸೇರುತ್ತದೆ.

ಕೊನೆಯ ಸುಳಿವು ಮಕ್ಕಳನ್ನು ಹುಡುಗಿಯ ಮನೆಗೇ ಕರೆತರುತ್ತದೆ:

ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ಮಾತ್ರ ಚಳಿ,
ಬಾಗಿಲು ತೆರೆದರೆ ದೀಪ ಹತ್ತುವುದು, ಬನ್ನಿ ಅದರ ಬಳಿ.

ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಹನ್ನೆರಡು ಪೊಟ್ಟಣ, ಮೇಲಿನ ತಟ್ಟಿನಲ್ಲಿ ಕೇಕು.