ಉಕ್ಕಿದಾಗ ಒಂದು ಮದ್ದು, ಮಂಕಾದಾಗ ಇನ್ನೊಂದು

"ಕಣ್ಣು ಮುಚ್ಚಿ, ಆರಾಮಾಗಿ ಉಸಿರು ತಗೊಳ್ಳಿ." ಮನಸ್ಸು ಕದಡಿದವರಿಗೆ ನಾವೆಲ್ಲ ಕೊಡುವ ಸಲಹೆ ಹೆಚ್ಚುಕಡಿಮೆ ಇದೊಂದೇ. ಸಿಟ್ಟಿನಿಂದ ಮೈ ನಡುಗುತ್ತಿರುವವರಿಗೂ ಇದೇ, ಮಾತು ನಿಂತು ಗೋಡೆ ನೋಡುತ್ತ ಕೂತವರಿಗೂ ಇದೇ. ಮೊದಲಿನವರಿಗೆ ಇದರಿಂದ ಅನುಕೂಲವಾದೀತು. ಎರಡನೆಯವರು ಮಾತ್ರ ಕಣ್ಣು ಮುಚ್ಚಿದೊಡನೆ ಇನ್ನಷ್ಟು ಒಳಗೆ ಇಳಿದುಬಿಡಬಹುದು.

ಅಮೆರಿಕದ ಮನೋವೈದ್ಯ ಡೇನಿಯಲ್ ಸೀಗಲ್ 1999ರಲ್ಲಿ ಬರೆದ 'ದ ಡೆವಲಪಿಂಗ್ ಮೈಂಡ್' ಪುಸ್ತಕದಲ್ಲಿ 'ವಿಂಡೋ ಆಫ್ ಟಾಲರೆನ್ಸ್' ಎಂಬ ಮಾತು ಬಳಸಿದರು. ತಾಳಿಕೆಯ ಕಿಟಕಿ ಎನ್ನೋಣ. ದುಃಖವೋ ಸಿಟ್ಟೋ ಭಯವೋ ಬಂದಾಗಲೂ ಯೋಚಿಸುತ್ತ, ಕೇಳಿಸಿಕೊಳ್ಳುತ್ತ, ಮಾತಾಡುತ್ತ ಇರಬಲ್ಲ ಒಂದು ಹರವು ಪ್ರತಿಯೊಬ್ಬರಿಗೂ ಇರುತ್ತದೆ. ಕಿಟಕಿಯೊಳಗೆ ಇರುವುದೆಂದರೆ ಶಾಂತವಾಗಿರುವುದಲ್ಲ. ಅಳುತ್ತಲೇ ಆಸ್ಪತ್ರೆಯ ಬಿಲ್ ಲೆಕ್ಕ ಹಾಕುವ ಮಗಳು ಕಿಟಕಿಯೊಳಗೇ ಇದ್ದಾಳೆ. ಅದರ ಮೇಲಂಚು ದಾಟಿದರೆ ಮೈ ಉಕ್ಕಿಗೇರುತ್ತದೆ: ಎದೆ ಹೊಡೆದುಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ದನಿ ಏರುತ್ತದೆ, ಎದುರಿನವರ ವಾಕ್ಯ ಮುಗಿಯುವ ಮೊದಲೇ ಉತ್ತರ ಬಂದಿರುತ್ತದೆ. ಕೆಳಗಂಚು ದಾಟಿದರೆ ಮಂಕು: ಕೈಕಾಲು ತಣ್ಣಗೆ, ಭಾರ, ಶಬ್ದಗಳು ದೂರದಿಂದ ಬಂದಂತೆ, ತಲೆಯಲ್ಲಿ ಮಾತೇ ಇಲ್ಲ.

ಉಕ್ಕನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಮಂಕಿಗೆ ನಮ್ಮಲ್ಲಿ ಒಳ್ಳೆಯ ಹೆಸರಿರುವುದೇ ತೊಂದರೆ. ಸಾವಿನ ಮನೆಯಲ್ಲಿ ಒಂದು ಹನಿ ಕಣ್ಣೀರಿಲ್ಲದೆ ಬಂದವರಿಗೆಲ್ಲ ಕಾಫಿ ಕೊಡುತ್ತ ಓಡಾಡಿದ ಸೊಸೆಯನ್ನು "ಎಷ್ಟು ಗಟ್ಟಿ ಮನಸ್ಸು" ಎಂದು ಹೊಗಳುತ್ತೇವೆ. ಗಟ್ಟಿಯೇ ಇರಬಹುದು. ಆದರೆ ಯಾರು ಬಂದರು, ಏನು ಮಾತಾಡಿದರು ಎಂಬುದು ಆಮೇಲೆ ಅವಳಿಗೆ ನೆನಪೇ ಇಲ್ಲವೆಂದರೆ, ಆವತ್ತು ಅವಳು ಕೆಳಗಂಚಿನ ಆಚೆ ಇದ್ದಿರಬೇಕು.

ಒಂದು ಸನ್ನಿವೇಶ ತೆಗೆದುಕೊಳ್ಳೋಣ. ಅಪ್ಪನಿಗೆ ಪಾರ್ಶ್ವವಾಯು. ಮುಂದೆ ಯಾರ ಮನೆಯಲ್ಲಿ ಇಟ್ಟುಕೊಳ್ಳುವುದು ಎಂದು ಅಕ್ಕ ತಮ್ಮ ಅಡುಗೆಮನೆಯಲ್ಲಿ ಮಾತಾಡುತ್ತಿದ್ದಾರೆ. ಅಕ್ಕನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಬೆಳಗಿನಿಂದ ಹೊಟ್ಟೆಗೆ ಕಾಫಿ ಬಿಟ್ಟರೆ ಏನೂ ಇಲ್ಲ. ನಿದ್ದೆಗೇಡು, ಹಸಿವು, ನೋವು ಇವೆಲ್ಲ ಕಿಟಕಿಯನ್ನು ಕಿರಿದು ಮಾಡುತ್ತವೆ. ಹೋದ ವಾರ ತಡೆದುಕೊಂಡ ಮಾತನ್ನು ಇವತ್ತು ತಡೆಯಲಾಗುವುದಿಲ್ಲ. ತಮ್ಮ "ನೋಡೋಣ ಅಕ್ಕ" ಎಂದದ್ದೇ ತಡ, ಅವಳ ದನಿ ಏರಿತು. ಏರಿದಷ್ಟೂ ಅವನು ಸುಮ್ಮನಾದ. "ಏನಾದ್ರೂ ಹೇಳೋ! ಕಲ್ಲಿನ ಹಾಗೆ ಕೂತಿದೀಯಲ್ಲ!" ಅವನ ಮೌನ ಅವಳಿಗೆ ಉಡಾಫೆಯಂತೆ ಕಂಡಿತು, ಅವಳ ದನಿ ಅವನಿಗೆ ಅಪಾಯದಂತೆ ಕೇಳಿಸಿತು. ಒಬ್ಬರನ್ನೊಬ್ಬರು ಕಿಟಕಿಯಿಂದ ಆಚೆ ತಳ್ಳುತ್ತಿದ್ದಾರೆ.

ಇಲ್ಲಿ ಅಕ್ಕ ಉಕ್ಕಿನಲ್ಲಿದ್ದಾಳೆ, ಸರಿ. ತಮ್ಮ ಮಂಕಾಗಿದ್ದಾನೆಯೇ? ಸುಮ್ಮನಿದ್ದಾನೆ ಎಂದ ಮಾತ್ರಕ್ಕೆ ಹಾಗೆನ್ನಲಾಗದು. ಜಗಳವಾಡುವ ದಂಪತಿಗಳ ಎದೆಬಡಿತ ಅಳೆದು ನೋಡಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಗಮನಿಸಿದ್ದು ಇದನ್ನೇ: ಹೊರಗೆ ಬಾಯಿ ಮುಚ್ಚಿ ಕೂತವರ ಎದೆ ಒಳಗೆ ನಿಮಿಷಕ್ಕೆ 100 ದಾಟಿ ಹೊಡೆದುಕೊಳ್ಳುತ್ತಿರಬಹುದು. ಆದ್ದರಿಂದ ತಮ್ಮ ಮೊದಲು ಮಾಡಬೇಕಾದದ್ದು ತನ್ನ ಮಣಿಕಟ್ಟಿನ ನಾಡಿ ಹಿಡಿದು ನೋಡುವುದು. ಓಡುತ್ತಿದ್ದರೆ, ಅಂಗೈ ಬೆವರಿದ್ದರೆ ಅವನೂ ಉಕ್ಕಿನಲ್ಲೇ ಇದ್ದಾನೆ, ಮುಚ್ಚಳ ಮಾತ್ರ ಬಿಗಿಯಾಗಿದೆ. ಮೈ ಜೋಮು ಹಿಡಿದಂತಿದ್ದು, ಅಕ್ಕನ ಮಾತು ಪಕ್ಕದ ಮನೆಯಿಂದ ಬಂದಂತೆ ಕೇಳಿಸುತ್ತಿದ್ದರೆ ಅದು ಮಂಕು.

ಉಕ್ಕಿಗೆ ಉಸಿರು ಒಳ್ಳೆಯ ಮದ್ದೇ. ಆದರೆ ಹೆಚ್ಚಿನವರು ಅದನ್ನು ತಿರುವುಮುರುವು ಮಾಡುತ್ತಾರೆ. ಎದೆಯುಬ್ಬಿಸಿ ದೊಡ್ಡದಾಗಿ ಗಾಳಿ ಎಳೆದುಕೊಳ್ಳುತ್ತ ಹೋದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಗಾಬರಿ ಇನ್ನೂ ಹೆಚ್ಚುತ್ತದೆ. ಕೆಲಸ ಮಾಡುವುದು ಉಸಿರು ಬಿಡುವ ಭಾಗ. ಉಸಿರೆಳೆದುಕೊಂಡಾಗ ಎದೆಬಡಿತ ತುಸು ಚುರುಕಾಗಿ, ಬಿಟ್ಟಾಗ ನಿಧಾನವಾಗುವುದು ಮೈಯ ಸಹಜ ಲಯ. ಹಾಗಾಗಿ ಮಾಮೂಲಿ ಅಳತೆಯಲ್ಲೇ ಮೂಗಿನಿಂದ ನಾಲ್ಕು ಎಣಿಸುವವರೆಗೆ ಎಳೆದುಕೊಂಡು, ಬಿಸಿ ಹಾಲು ಊದುವ ಹಾಗೆ ಆರು ಎಣಿಸುವವರೆಗೆ ಬಿಡಬೇಕು. ನಿಮಿಷಕ್ಕೆ ಆರು ಉಸಿರಾಗುತ್ತದೆ. ಉಸಿರಿನ ಕಡೆ ಗಮನ ಕೊಟ್ಟರೇ ಗಾಬರಿ ಹೆಚ್ಚುವವರೂ ಇದ್ದಾರೆ. ಅಂಥವರು ಇದನ್ನು ಬಿಟ್ಟು, ಎರಡೂ ಅಂಗೈಯಿಂದ ಗೋಡೆಯನ್ನು ಬಲವಾಗಿ ತಳ್ಳಿ ಸಡಿಲ ಬಿಡುವುದನ್ನು ಮೂರ್ನಾಲ್ಕು ಸಲ ಮಾಡಲಿ.

ಅಕ್ಕ ಅಡುಗೆಮನೆ ಬಿಟ್ಟು ಹೊರಗೆ ಹೋಗುವುದೂ ಮದ್ದೇ, ಹೇಳಿ ಹೋದರೆ: "ಈಗ ನನ್ನ ಕೈಲಿ ಆಗ್ತಿಲ್ಲ, ಅರ್ಧ ಗಂಟೆ ಬಿಟ್ಟು ಮಾತಾಡೋಣ." ಗಾಟ್‌ಮನ್ ಹೇಳುವುದು ಕನಿಷ್ಠ 20 ನಿಮಿಷ. ರಕ್ತದಲ್ಲಿ ಸೇರಿದ ಒತ್ತಡದ ರಸಗಳು ಇಳಿಯಲು ಅಷ್ಟಾದರೂ ಬೇಕು. ಆ ಹೊತ್ತಿನಲ್ಲಿ ಹಿತ್ತಲಲ್ಲಿ ಓಡಾಡುತ್ತ "ಅವನು ಹಾಗಂದನಲ್ಲ, ನಾನು ಹೀಗನ್ನಬೇಕಿತ್ತು" ಎಂದು ಜಗಳವನ್ನು ಒಳಗೊಳಗೇ ಮುಂದುವರಿಸಿದರೆ ಎದೆಬಡಿತ ಇಳಿಯುವುದಿಲ್ಲ, ಗಂಟೆ ಬಿಟ್ಟು ಬಂದರೂ ಅಷ್ಟೇ. ಪಾತ್ರೆ ತೊಳೆಯುವುದೋ ಬಟ್ಟೆ ಮಡಚುವುದೋ ವಾಸಿ.

ತಮ್ಮ ನಿಜಕ್ಕೂ ಮಂಕಾಗಿದ್ದರೆ ದಾರಿ ಉಲ್ಟಾ. ಅವನಿಗೆ ಬೇಕಿರುವುದು ವಿಶ್ರಾಂತಿಯಲ್ಲ, ಮೆಲ್ಲಗೆ ಎಚ್ಚರವಾಗುವುದು. ಕಣ್ಣು ತೆರೆದೇ ಇರಲಿ. ಕುತ್ತಿಗೆ ತಿರುಗಿಸಿ ಕೋಣೆಯ ಸುತ್ತ ನಿಧಾನವಾಗಿ ನೋಡುತ್ತ, ಕಂಡದ್ದನ್ನು ಬಾಯಿಬಿಟ್ಟು ಹೇಳಲಿ: ಗ್ರೈಂಡರ್, ನೀಲಿ ಬಕೆಟ್, ಕ್ಯಾಲೆಂಡರ್. ಪಾದವನ್ನು ನೆಲಕ್ಕೆ ಒತ್ತಲಿ, ಎದ್ದು ನಾಲ್ಕು ಹೆಜ್ಜೆ ಹಾಕಲಿ. ನಾಲಿಗೆಗೆ ಒಂದು ಚೂರು ನಿಂಬೆಕಾಯಿ ಉಪ್ಪಿನಕಾಯಿ ಇಟ್ಟುಕೊಂಡರೂ ಆದೀತು. ಹುಳಿ, ಖಾರ, ತಣ್ಣೀರು ಇವು ಮನಸ್ಸನ್ನು ಈ ಕ್ಷಣಕ್ಕೆ ಎಳೆದು ತರುತ್ತವೆ. ಎಲ್ಲವೂ ಸಣ್ಣ ಪ್ರಮಾಣದಲ್ಲಿ. ಭುಜ ಹಿಡಿದು ಅಲುಗಾಡಿಸಿ "ಏಳೋ" ಎಂದು ಗದರಿಸಿದರೆ ಮಂಕಿನಿಂದ ನೇರ ಉಕ್ಕಿಗೆ ಚಿಮ್ಮಿ, ಅಲ್ಲಿಯವರೆಗೆ ಸುಮ್ಮನಿದ್ದವನು ತಟ್ಟೆ ಎಸೆದಾನು.

ಕಿಟಕಿಯೊಳಗೆ ಮರಳಿದ್ದು ಗೊತ್ತಾಗುವುದು ಚಿಕ್ಕಪುಟ್ಟ ಸಂಗತಿಗಳಿಂದ. ಒಂದು ನಿಟ್ಟುಸಿರು ತಾನಾಗಿ ಬರುತ್ತದೆ. ಕೈ ಬೆಚ್ಚಗಾಗುತ್ತದೆ. ಅಲ್ಲಿಯವರೆಗೆ ಕೇಳಿಸದಿದ್ದ ಕುಕ್ಕರ್ ಸೀಟಿ ಕೇಳಿಸುತ್ತದೆ, ಹಸಿವಾಗಿದೆ ಎಂಬುದು ತಿಳಿಯುತ್ತದೆ. ಇಬ್ಬರಿಗೂ ಅಷ್ಟಾದ ಮೇಲೆ ಅಪ್ಪನ ವಿಷಯ ತೆಗೆಯಬೇಕೇ ಹೊರತು ಅದಕ್ಕೆ ಮುಂಚೆ ಅಲ್ಲ. ಅಕ್ಕ ಮೊದಲು ಎರಡು ಇಡ್ಲಿ ತಿಂದುಬಿಟ್ಟರೆ ಇನ್ನೂ ಒಳ್ಳೆಯದು.

ಇದರ ಮಿತಿಯನ್ನೂ ಹೇಳಬೇಕು. ಈ ಕಿಟಕಿ ರಕ್ತಪರೀಕ್ಷೆಯಲ್ಲಿ ಸಿಗುವ ವಸ್ತುವಲ್ಲ, ಚಿಕಿತ್ಸಕರು ಬಳಸುವ ಒಂದು ಚಿತ್ರ. ಮಂಕು ಯಾವ ನರದಿಂದ ಹೇಗೆ ಬರುತ್ತದೆಂಬ ವಿವರಣೆಗಳ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಸಕ್ಕರೆ ಇಳಿಯುವುದು ಇವೂ ಇದೇ ಲಕ್ಷಣ ತೋರಬಲ್ಲವು. ಎದೆನೋವಿದ್ದರಂತೂ ಉಸಿರು ಎಣಿಸುತ್ತ ಕೂರಬಾರದು, ಆಸ್ಪತ್ರೆಗೆ ಹೋಗಬೇಕು. ಹಿಂದೆ ಹಿಂಸೆ, ಅಪಘಾತ ಕಂಡವರಿಗೆ ಕಾರಣವೇ ಇಲ್ಲದೆ ಪದೇ ಪದೇ ಹೀಗಾಗುತ್ತಿದ್ದರೆ ಮನೆಮದ್ದು ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವ ಮುನ್ನ ಮೂರು ವಿಷಯ ಗುರುತು ಹಾಕಿಟ್ಟುಕೊಂಡರೆ ಆ ಕಡೆಯವರಿಗೆ ಅನುಕೂಲ: ಆಗುವುದು ಉಕ್ಕೋ ಮಂಕೋ, ಎಷ್ಟು ಹೊತ್ತು ಇರುತ್ತದೆ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆದಿತ್ತು.