ಸಾಕು ಅಂದರೂ ಬಡಿಸುವವರಿಗೆ ಏನು ಹೇಳುವುದು?

ಹಬ್ಬಕ್ಕೆ ತವರಿಗೆ ಬಂದ ಮಗಳು ಸ್ವಲ್ಪ ಇಳಿದಿದ್ದರೆ ಬಾಗಿಲಲ್ಲೇ ವಿಚಾರಣೆ ಶುರು. “ಏನೇ ಹೀಗೆ ಸೊರಗಿದ್ದೀಯ? ಆ ಮನೇಲಿ ಹೊಟ್ಟೆತುಂಬ ಊಟ ಮಾಡ್ತಿಲ್ವಾ?” ಎಲೆಯ ಮುಂದೆ ಕೂತರೆ, ಬೇಡ ಬೇಡ ಎನ್ನುವಾಗಲೇ ಎರಡನೇ ಹೋಳಿಗೆ ಬಿದ್ದಿರುತ್ತದೆ, ಅದರ ಮೇಲೆ ತುಪ್ಪವೂ.

ನಲವತ್ತರ ಆಸುಪಾಸಿನ, ಎಪ್ಪತ್ತು ಕೆಜಿ ತೂಕದ ಒಬ್ಬ ಹೆಣ್ಣುಮಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕಳೆದ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಆಕೆಗೆ 6.1 ಬಂದಿದೆ. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ಇದ್ದಂತೆ. ನಾಲ್ಕೈದು ಕೆಜಿ ಇಳಿಸಿ, ದಿನಾ ನಡೆಯಿರಿ ಎಂದಿದ್ದಾರೆ ಡಾಕ್ಟರು. ಯುಗಾದಿಗೆ ಊರಿಗೆ ಹೊರಟಿದ್ದಾಳೆ.

ಆಕೆ ಮೊದಲು ತಿಳಿಯಬೇಕಾದದ್ದು ಅಮ್ಮನ ಭಯವನ್ನು. ಇವತ್ತು ಅರವತ್ತೈದು, ಎಪ್ಪತ್ತು ದಾಟಿದವರು 1965-66ರ ಬರಗಾಲದ ಸುತ್ತಮುತ್ತ ಮಕ್ಕಳಾಗಿದ್ದವರು. ರೇಷನ್ ಅಂಗಡಿಯ ಸಾಲು, ಅಳೆದು ಬಡಿಸಿದ ಅನ್ನ ಅವರಲ್ಲಿ ಎಷ್ಟೋ ಮಂದಿಗೆ ಗೊತ್ತು. ಮೈ ಇಳಿಯಿತೆಂದರೆ ಅವರ ಲೆಕ್ಕದಲ್ಲಿ ಕಾಯಿಲೆ, ಬಡತನ ಅಥವಾ ಗಂಡನ ಮನೆಯಲ್ಲಿ ನೆಮ್ಮದಿಯಿಲ್ಲ ಎಂದೇ ಅರ್ಥ. ಅವರ ಮುಂದೆ ಕ್ಯಾಲೊರಿಯ ಪಾಠ ಮಾಡಿದರೆ ಈ ಭಯ ಹೋಗುವುದಿಲ್ಲ. “ಡಯಟ್ ಮಾಡ್ತಿದ್ದೀನಿ” ಎಂದರೂ ಅದು ಪೇಟೆಯ ಶೋಕಿಯಂತೆ ಕೇಳಿಸುತ್ತದೆ.

ಆದ್ದರಿಂದ ಮಾತಾಡಬೇಕಾದದ್ದು ಹಬ್ಬಕ್ಕೆ ಮೂರ್ನಾಲ್ಕು ದಿನ ಮುಂಚೆ, ಫೋನಿನಲ್ಲಿ, ಅಡುಗೆ ಮಾಡುವವರ ಹತ್ತಿರವೇ. ಪಂಕ್ತಿಯಲ್ಲಿ ಎಲ್ಲರೆದುರು ಬೇಡವೆಂದರೆ ಅದು ಅಡುಗೆಯನ್ನೇ ಹಳಿದಂತಾಗುತ್ತದೆ. “ಅಮ್ಮಾ, ಶುಗರ್ ಬರೋ ಹಾಗಿದೆ ಅಂದಿದ್ದಾರೆ. ನಿನ್ನ ಹೋಳಿಗೆ ಒಂದು ತಿಂದೇ ತಿಂತೀನಿ, ಎರಡನೇದು ಹಾಕಬೇಡ. ಕೋಸಂಬರಿ, ಹುರುಳಿಕಾಯಿ ಪಲ್ಯ ಸ್ವಲ್ಪ ಜಾಸ್ತಿ ಮಾಡು.” ಈ ಮಾತಿನಲ್ಲಿ ಅಮ್ಮನಿಗೊಂದು ಕೆಲಸವಿದೆ. ಬರೀ ಬೇಡ ಎನ್ನುವುದಕ್ಕಿಂತ, ಬಡಿಸುವ ಕೈಗೆ ಬೇರೇನಾದರೂ ಬಡಿಸಲು ಕೊಡುವುದು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು. ಒಂದು ಹೋಳಿಗೆಯಲ್ಲಿ ಗಾತ್ರ ನೋಡಿಕೊಂಡು ಸುಮಾರು 200ರಿಂದ 300 ಕ್ಯಾಲೊರಿ ಇರುತ್ತದೆ. ಅರ್ಧ ಗಂಟೆ ಬಿರುಸಾಗಿ ನಡೆದರೂ ಅದರ ಅರ್ಧದಷ್ಟು ಕರಗಿದರೆ ಹೆಚ್ಚು. ಹಾಗಾಗಿ, ತಿಂದು ಆಮೇಲೆ ಇಳಿಸುತ್ತೇನೆ ಎನ್ನುವ ಲೆಕ್ಕ ಕೂಡುವುದಿಲ್ಲ.

ಎಲೆಯ ಮುಂದೆ ಪಾಲಿಸಬೇಕಾದ ಕ್ರಮವೂ ಒಂದಿದೆ. ಮೊದಲು ಬಡಿಸುವ ಕೋಸಂಬರಿ, ಪಲ್ಯಗಳನ್ನು ಮೊದಲೇ ತಿಂದು ಮುಗಿಸಿ, ಅನ್ನಕ್ಕೆ ಆಮೇಲೆ ಕೈಹಾಕಿದರೆ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ. ಎಲೆಯಲ್ಲಿ ಜಾಗ ಖಾಲಿಯಾದ ಕೂಡಲೇ ಬಡಿಸುವವರ ಕಣ್ಣು ಅಲ್ಲಿಗೆ ಬೀಳುತ್ತದೆ. ಆದ್ದರಿಂದ ಹೋಳಿಗೆಯ ಅರ್ಧವನ್ನು ಮಜ್ಜಿಗೆಯ ಅನ್ನ ಬರುವವರೆಗೂ ಎಲೆಯ ಮೇಲೇ ಉಳಿಸಿಕೊಳ್ಳಬೇಕು. ದೊಡ್ಡಮ್ಮ ತಟ್ಟೆ ಹಿಡಿದು ಬಂದರೆ ಎಲೆಗೆ ಅಂಗೈ ಅಡ್ಡ ಹಿಡಿದು, “ಚೆನ್ನಾಗಿದೆ ದೊಡ್ಡಮ್ಮಾ, ಸಾಕು” ಎಂದರೆ ಆಯಿತು. ಮತ್ತೆ ಕೇಳಿದರೆ ಅದೇ ಮಾತು, ಅದೇ ದನಿಯಲ್ಲಿ. ಪ್ರತಿ ಸಲ ಹೊಸ ಕಾರಣ ಕೊಟ್ಟರೆ ಪ್ರತಿಯೊಂದಕ್ಕೂ ಉತ್ತರ ಬರುತ್ತದೆ: “ಒಂದಿನಕ್ಕೆ ಏನೂ ಆಗಲ್ಲ”, “ನಮ್ಮ ಕಾಲದಲ್ಲಿ ನಾವು ತಿಂದಿಲ್ವಾ?” ತಿಂದಿದ್ದರು ನಿಜ, ಆದರೆ ಗದ್ದೆಯಲ್ಲಿ ಹಗಲಿಡೀ ದುಡಿದೂ ಇದ್ದರು. ಆ ವಾದವನ್ನು ಪಂಕ್ತಿಯಲ್ಲಿ ಗೆದ್ದು ಏನೂ ಆಗಬೇಕಿಲ್ಲ.

ವ್ಯಾಯಾಮದ ಗೇಲಿಯ ಮಾತು ಬೇರೆ. ಹಬ್ಬದ ಬೆಳಗ್ಗೆ ಶೂ ಹಾಕಿ ಹೊರಟವಳನ್ನು ಕಂಡು ಸೋದರಮಾವ, “ಏನಮ್ಮಾ, ಒಲಿಂಪಿಕ್ಸಿಗೆ ಹೊರಟೆಯಾ?” ಎನ್ನುತ್ತಾರೆ. ಅದಕ್ಕೆ ವಾದ ಬೇಡ, ಒಂದು ಕರೆ ಸಾಕು: “ಬನ್ನಿ ಮಾವ, ಕೆರೆ ಏರಿ ತನಕ ಹೋಗಿಬರೋಣ.” ಬಂದರೆ ಜೊತೆಯಾಯಿತು, ಬಾರದಿದ್ದರೆ ನಗು ಅಲ್ಲಿಗೇ ನಿಲ್ಲುವುದು ಹೆಚ್ಚು. ಊಟವಾದ ಮೇಲೆ ಎಲೆ ಅಡಿಕೆಗೆ ಕೂರುವ ಮೊದಲು ಹತ್ತು ಹದಿನೈದು ನಿಮಿಷ ನಡೆದರೂ ಸಕ್ಕರೆ ಏರುವುದು ತಗ್ಗುತ್ತದೆ. ಆ ನಡಿಗೆಗೆ ಇಡೀ ಮನೆಯನ್ನೇ ಎಬ್ಬಿಸಬಹುದು. ಆದರೆ ಮೈಯ ಬಗ್ಗೆಯೇ ಚುಚ್ಚಿ ಮಾತಾಡುವವರು ಇರುತ್ತಾರೆ. ಅವರನ್ನು ಪಕ್ಕಕ್ಕೆ ಕರೆದು, “ಆ ಮಾತು ನನಗೆ ನೋವಾಗುತ್ತೆ, ಇನ್ನು ಆಡಬೇಡಿ” ಎಂದು ನೇರವಾಗಿ ಹೇಳಬೇಕು. ನಕ್ಕು ಸುಮ್ಮನಾದರೆ ಮುಂದಿನ ಹಬ್ಬಕ್ಕೂ ಅದೇ ಮಾತು ಕಾದಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಮನೆಯವರ ಆತಂಕ ಸರಿಯಾಗಿರುವ ಸಂದರ್ಭಗಳೂ ಉಂಟು. ಪ್ರಯತ್ನವೇ ಇಲ್ಲದೆ ಆರು ತಿಂಗಳಿನಿಂದ ವರ್ಷದೊಳಗೆ ತೂಕದಲ್ಲಿ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಇಳಿದಿದ್ದರೆ, ಮುಟ್ಟು ನಿಂತಿದ್ದರೆ, ತಿನ್ನುವುದೆಂದರೇ ಹೆದರಿಕೆಯಾಗುತ್ತಿದ್ದರೆ “ಸೊರಗಿದ್ದೀಯ” ಎನ್ನುವ ಅಮ್ಮನ ಮಾತನ್ನು ತಳ್ಳಿಹಾಕದೆ ಡಾಕ್ಟರ ಬಳಿ ಹೋಗಿ. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಂತೂ ಹಬ್ಬದ ಊಟಕ್ಕೆ ಸರಿದೂಗಿಸಲೆಂದು ಬೆಳಗಿನ ತಿಂಡಿ ಬಿಡಲೇಬೇಡಿ. ಮೈ ನಡುಗಿ ಬೆವರು ಬಂದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ.